ಒಬ್ಬರೇ ಮಾತನಾಡುವ ವಿಡಿಯೋಗೆ ಸ್ಕ್ರಿಪ್ಟಿನಲ್ಲೇ ಬಿ-ರೋಲ್ ಗುರುತಿಸುವ ಕ್ರಮ

ಅಡಿಕೆಯ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ತಯಾರಿಸುವ ಬಗೆಯನ್ನು ಅನುಭವಿ ಕೃಷಿಕರೊಬ್ಬರು ತಮ್ಮ ಮನೆಯ ಜಗಲಿಯಲ್ಲಿ ಕುಳಿತು ವಿವರಿಸುತ್ತಿದ್ದಾರೆ ಎಂದುಕೊಳ್ಳೋಣ. ಅವರ ಮಾತು ಸ್ಪಷ್ಟವಾಗಿದೆ, ವಿಷಯವೂ ಗಟ್ಟಿಯಾಗಿದೆ. ಆದರೂ ಆರು ನಿಮಿಷಗಳ ಉದ್ದಕ್ಕೂ ಪರದೆಯ ಮೇಲೆ ಅವರ ಮುಖವೊಂದೇ ಇದ್ದರೆ ನೋಡುವವರು ಸ್ವಲ್ಪ ಹೊತ್ತಿಗೇ ಮೊಬೈಲನ್ನು ಪಕ್ಕಕ್ಕಿಟ್ಟು ಬರೀ ಕೇಳತೊಡಗುತ್ತಾರೆ, ಇಲ್ಲವೇ ಬೇರೆ ವಿಡಿಯೋಗೆ ಹೋಗಿಬಿಡುತ್ತಾರೆ. ಮೈಲುತುತ್ತ ಎಂಬ ತಾಮ್ರದ ಲವಣ ಕರಗಿದೆಯೆಂದು ಗೊತ್ತಾಗುವುದು ಹೇಗೆ, ಸುಣ್ಣದ ನೀರು ಎಷ್ಟು ತೆಳ್ಳಗಿರಬೇಕು ಎಂಬ ಮಾತುಗಳು ಬಂದಾಗಲೆಲ್ಲ ಅದನ್ನು ಕಣ್ಣಾರೆ ನೋಡಬೇಕೆನಿಸುತ್ತದೆ. ಪರದೆ ಅದನ್ನು ತೋರಿಸದೆ ಮುಖವನ್ನೇ ತೋರಿಸುತ್ತಾ ಹೋದಾಗ ಬೇಸರ ಬರುತ್ತದೆ.

ಮಾತನಾಡುವವರ ಮೂಲ ಚಿತ್ರೀಕರಣವನ್ನು ಎ-ರೋಲ್ ಎಂದೂ, ಅದಕ್ಕೆ ಜೋಡಿಸಲು ಬೇರೆಯಾಗಿ ತೆಗೆದ ದೃಶ್ಯಗಳನ್ನು ಬಿ-ರೋಲ್ ಎಂದೂ ಕರೆಯುತ್ತಾರೆ. ಧ್ವನಿಯನ್ನು ಹಾಗೆಯೇ ಓಡಲು ಬಿಟ್ಟು, ಕೆಲವು ಸೆಕೆಂಡು ಬೇರೊಂದು ದೃಶ್ಯವನ್ನು ತೋರಿಸಿ, ಮತ್ತೆ ಮುಖಕ್ಕೆ ಮರಳುವುದು ಕಟ್‌ಅವೇ. ಎಡಿಟಿಂಗ್‌ಗೆ ಕುಳಿತ ಮೇಲೆ ಇದರ ಬಗ್ಗೆ ಯೋಚಿಸುವ ರೂಢಿ ನಮ್ಮಲ್ಲಿ ಹೆಚ್ಚು. ಅಷ್ಟು ಹೊತ್ತಿಗೆ ಕೈಯಲ್ಲಿ ಉಳಿದಿರುವುದು ತೋಟದ ಒಂದೆರಡು ಡ್ರೋನ್ ಶಾಟ್, ಗಾಳಿಗೆ ಅಲ್ಲಾಡುವ ಸೋಗೆ ಮತ್ತು ಯಾರೋ ನಡೆದುಹೋಗುವ ದೃಶ್ಯ ಮಾತ್ರ. ಅವನ್ನೇ ಎಲ್ಲ ಕಡೆ ಹಚ್ಚಿದರೆ ವಿಡಿಯೋ ನೋಡಲು ಚೆಂದವಿದ್ದರೂ ಏನನ್ನೂ ಕಲಿಸುವುದಿಲ್ಲ. ಆದ್ದರಿಂದ ಈ ಕೆಲಸ ಸ್ಕ್ರಿಪ್ಟ್ ಬರೆಯುವಾಗಲೇ ಆಗಬೇಕು. ಅದನ್ನು ಹೇಗೆ ಮಾಡುವುದೆಂದು ಈ ಬೋರ್ಡೋ ದ್ರಾವಣದ ವಿಡಿಯೋವನ್ನೇ ಇಟ್ಟುಕೊಂಡು ನೋಡೋಣ.

ಮೊದಲು ಗಟ್ಟಿಯಾಗಿ ಓದಿ, ಸಮಯ ಗುರುತಿಸಿಕೊಳ್ಳಿ

ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಬಲಗಡೆ ಮಾತನ್ನೂ ಎಡಗಡೆ ದೃಶ್ಯವನ್ನೂ ಬರೆಯುವುದು ಹಳೆಯ ಪದ್ಧತಿ, ಇಂದಿಗೂ ಅದಕ್ಕಿಂತ ಅನುಕೂಲವಾದದ್ದು ಬಂದಿಲ್ಲ. ಬಲಗಡೆಯ ಮಾತನ್ನು ಒಂದು ಉಸಿರಿಗೆ ಒಂದು ಸಾಲು ಎಂಬಂತೆ ಒಡೆದು ಬರೆಯಿರಿ. ಪ್ಯಾರಾಗಳನ್ನು ಇಡಿಯಾಗಿ ಅಂಟಿಸಿದರೆ ಯಾವ ದೃಶ್ಯ ಯಾವ ಮಾತಿಗೆ ಎಂಬುದು ನಿಮಗೇ ತಿಳಿಯದಂತಾಗುತ್ತದೆ.

ಬಳಿಕ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು, ಮಾತನಾಡುವವರ ವೇಗದಲ್ಲೇ ಸ್ಕ್ರಿಪ್ಟನ್ನು ಗಟ್ಟಿಯಾಗಿ ಓದಿ, ಪ್ರತಿ ಭಾಗದ ಕೊನೆಯಲ್ಲಿ ಸಮಯವನ್ನು ಅಂಚಿನಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ಸ್ಕ್ರಿಪ್ಟುಗಳಿಗೆ ನಿಮಿಷಕ್ಕೆ ಇಷ್ಟು ಪದ ಎಂದು ಲೆಕ್ಕ ಹಾಕುವ ಕ್ರಮವಿದೆ, ಆದರೆ ಅದನ್ನು ಕನ್ನಡಕ್ಕೆ ತಂದರೆ ಅಂದಾಜು ಪೂರಾ ತಪ್ಪುತ್ತದೆ. ವಿಭಕ್ತಿ, ಕಾಲ, ನಿಷೇಧ ಎಲ್ಲವೂ ಪದಕ್ಕೇ ಅಂಟಿಕೊಳ್ಳುವ ನಮ್ಮ ಭಾಷೆಯಲ್ಲಿ "ಸುರಿಯುತ್ತಿರುವಾಗಲೇ" ಎಂಬ ಒಂದೇ ಪದ ಬಾಯಲ್ಲಿ ಒಂದು ಸೆಕೆಂಡಿನಷ್ಟು ಹೊತ್ತು ಹಿಡಿಯುತ್ತದೆ. ಪದ ಎಣಿಸಿ ನಾಲ್ಕು ನಿಮಿಷವೆಂದುಕೊಂಡ ಸ್ಕ್ರಿಪ್ಟು ಆರು ನಿಮಿಷಕ್ಕೆ ಬೆಳೆದರೆ, ನಾಲ್ಕು ನಿಮಿಷಕ್ಕೆಂದು ತೆಗೆದಿಟ್ಟ ಶಾಟುಗಳು ನಡುವೆಯೇ ಮುಗಿದುಹೋಗುತ್ತವೆ.

ಮಾತನ್ನು ಮೂರು ಬಗೆಯಾಗಿ ವಿಂಗಡಿಸಿ

ಈಗ ಒಂದೊಂದೇ ಸಾಲನ್ನು ತೆಗೆದುಕೊಂಡು, ಇದನ್ನು ಕೇಳುವಾಗ ನೋಡುವವರು ಏನನ್ನು ನೋಡಬೇಕು ಎಂದು ಕೇಳಿಕೊಳ್ಳಿ. ಉತ್ತರಗಳು ಸಾಮಾನ್ಯವಾಗಿ ಮೂರು ಬಗೆಯವು. ಸ್ಕ್ರಿಪ್ಟಿನ ಅಂಚಿನಲ್ಲಿ ಅವಕ್ಕೆ ಮು, ವ, ಸೇ ಎಂದು ಗುರುತು ಹಾಕಿಕೊಂಡರೆ ಸಾಕು.

ಮು ಎಂದರೆ ಮುಖ. ಮಾತನಾಡುವವರು ಯಾರೆಂದು ಪರಿಚಯವಾಗುವ ಮೊದಲ ಹತ್ತು-ಹದಿನೈದು ಸೆಕೆಂಡು, ಅವರು ತಮ್ಮ ಅನುಭವದ ಮೇಲೆ ನಿಂತು ಹೇಳುವ ಅಭಿಪ್ರಾಯ, ಎಚ್ಚರಿಕೆಯ ಮಾತು, ನಷ್ಟದ ನೆನಪು, ಇವೆಲ್ಲ ಮುಖದ ಮೇಲೆಯೇ ಇರಬೇಕು. "ಎರಡನೇ ಸಿಂಪಡಣೆ ತಡಮಾಡಿದ ವರ್ಷ ನನ್ನ ಅರ್ಧ ಫಸಲು ಉದುರಿಹೋಯಿತು" ಎಂದು ಅವರು ಹೇಳುವಾಗ ಉದುರಿದ ಕಾಯಿಗಳನ್ನು ತೋರಿಸುವ ಆಸೆ ಬಂದೇ ಬರುತ್ತದೆ. ಆದರೆ ಆ ಮಾತಿಗೆ ತೂಕ ಕೊಡುವುದು ಅವರ ಮುಖ. ಕಾಯಿಗಳನ್ನು ಮುಂದಿನ ವಾಕ್ಯಕ್ಕೆ ಇಟ್ಟುಕೊಳ್ಳಿ.

ವ ಎಂದರೆ ವಸ್ತು ಅಥವಾ ಕ್ರಿಯೆ. ಹೆಸರು ಹೇಳಿದ ಸಾಮಗ್ರಿ, ಅಳತೆ, ಬಣ್ಣ, ಕೈಕೆಲಸ, ರೋಗದ ಲಕ್ಷಣ, ಮೊದಲು ಹೀಗಿತ್ತು ಆಮೇಲೆ ಹೀಗಾಯಿತು ಎಂಬ ಹೋಲಿಕೆ, ಇವು ಈ ಗುಂಪಿಗೆ ಸೇರುತ್ತವೆ. ಬಿ-ರೋಲಿನ ಮುಖ್ಯ ಭಾಗ ಇಲ್ಲಿಂದಲೇ ಬರಬೇಕು.

ಸೇ ಎಂದರೆ ಸೇತುವೆ. ಒಂದು ವಿಷಯದಿಂದ ಇನ್ನೊಂದಕ್ಕೆ ದಾಟಿಸುವ ವಾಕ್ಯಗಳಿಗೆ ಮುಖವೂ ಆದೀತು, ಬೇರೆ ದೃಶ್ಯವೂ ಆದೀತು. ಆದರೆ ಇವುಗಳಿಂದ ಎಡಿಟರ್‌ಗೆ ಇನ್ನೊಂದು ಉಪಯೋಗವಿದೆ. ಯಾರೂ ಆರು ನಿಮಿಷ ತಡವರಿಸದೆ ಮಾತನಾಡುವುದಿಲ್ಲ. ತಡವರಿಸಿದ್ದನ್ನು ಕತ್ತರಿಸಿ ಎರಡು ತುಂಡುಗಳನ್ನು ಜೋಡಿಸಿದಾಗ ಕುಳಿತವರ ತಲೆ ಒಮ್ಮೆಲೇ ಪಕ್ಕಕ್ಕೆ ಜಿಗಿದಂತೆ ಕಾಣುತ್ತದೆ. ಈ ಜಂಪ್ ಕಟ್ಟನ್ನು ಮುಚ್ಚಲು ಒಂದು ಕಟ್‌ಅವೇ ಬೇಕೇ ಬೇಕು, ಅದು ಎಲ್ಲಿ ಬೇಕಾಗುತ್ತದೆ ಎಂದು ಮೊದಲೇ ಹೇಳುವಂತಿಲ್ಲ. ಆದ್ದರಿಂದ ಯಾವ ಮಾತಿಗೂ ಕಟ್ಟುಬೀಳದ ನಾಲ್ಕೈದು ಶಾಟುಗಳನ್ನು ಸ್ಕ್ರಿಪ್ಟಿನ ಕೊನೆಯಲ್ಲಿ ಬೇರೆಯಾಗಿ ಬರೆದಿಡಿ. ಜಗಲಿಯಿಂದ ಕಾಣುವ ತೋಟ, ಮಡಿಲಲ್ಲಿ ಸುಮ್ಮನಿರುವ ಕೈಗಳು, ಪಕ್ಕದಿಂದ ತೆಗೆದ ಅವರ ಮುಖ, ಗೋಡೆಗೆ ಒರಗಿಸಿಟ್ಟ ಸಿಂಪಡಣೆಯ ಪೈಪು, ಇಂಥವು. ಕೈಗಳ ಶಾಟ್ ತೆಗೆಯುವಾಗ ಅವರು ಮಾತನಾಡದೆ ಸುಮ್ಮನಿರಲಿ. ಮಾತಿನ ಲಯದಲ್ಲಿ ಆಡುತ್ತಿರುವ ಕೈಯನ್ನು ಬೇರೊಂದು ಮಾತಿನ ಮೇಲೆ ಹಾಕಿದರೆ ಹೊಂದಿಕೆಯಾಗದಿರುವುದು ಥಟ್ಟನೆ ಗೊತ್ತಾಗುತ್ತದೆ.

ಹತ್ತು ಸೆಕೆಂಡಿಗೊಮ್ಮೆ ದೃಶ್ಯ ಬದಲಾಗಲೇಬೇಕು ಎಂಬ ನಿಯಮವೊಂದು ಚಾಲ್ತಿಯಲ್ಲಿದೆ. ಅದನ್ನು ನಾನು ಒಪ್ಪುವುದಿಲ್ಲ. ದ್ರಾವಣ ಕಲಸುವ ಭಾಗದಲ್ಲಿ ಮುಖ ಬಹುತೇಕ ಕಾಣಿಸದೇ ಇದ್ದರೂ ಅಡ್ಡಿಯಿಲ್ಲ, ನಷ್ಟದ ಕಥೆ ಹೇಳುವಾಗ ಅರ್ಧ ನಿಮಿಷ ಮುಖವೊಂದೇ ಇದ್ದರೂ ಯಾರಿಗೂ ಬೇಸರವಾಗದು. ಮು, ವ, ಸೇ ಗುರುತು ಹಾಕಿದ ಮೇಲೆ ಒಂದು ನಿಮಿಷಕ್ಕೂ ಹೆಚ್ಚು ಕಾಲ ಬರೀ ಮು ಎಂದೇ ಬಂದಿದ್ದರೆ, ಆ ಭಾಗದ ಮಾತಿನಲ್ಲೇ ಹಿಡಿದು ತೋರಿಸುವಂಥದ್ದು ಏನೂ ಇಲ್ಲ ಎಂದಾಯಿತು. ಅಲ್ಲಿ ದೃಶ್ಯ ಹುಡುಕುವ ಬದಲು ಮಾತನ್ನು ತಿದ್ದಬೇಕು ಅಥವಾ ಮೊಟಕುಗೊಳಿಸಬೇಕು.

ಕ್ರಿಯಾಪದ ಕೊನೆಗೆ ಬರುತ್ತದೆ ಎಂಬುದನ್ನು ಮರೆಯಬೇಡಿ

ಬಿ-ರೋಲ್ ಬಗ್ಗೆ ಸಿಗುವ ಪಾಠಗಳು ಬಹುಪಾಲು ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಅಲ್ಲಿ ಬೇಡ, ಮಾಡು, ಸುರಿ ಎಂಬುವು ವಾಕ್ಯದ ಮೊದಲಿಗೇ ಬಂದುಬಿಡುತ್ತವೆ. ನಮ್ಮಲ್ಲಿ ವಸ್ತುವಿನ ಹೆಸರು ಮೊದಲು ಬರುತ್ತದೆ, ಆ ವಸ್ತುವನ್ನು ಏನು ಮಾಡಬೇಕು ಎಂಬುದು ಕೊನೆಗೆ, ಮಾಡಬೇಕೋ ಮಾಡಬಾರದೋ ಎಂಬುದು ಆ ಕೊನೆಯ ಪದದ ಬಾಲದಲ್ಲಿ. ದೃಶ್ಯವನ್ನು ಯಾವ ಪದಕ್ಕೆ ತರಬೇಕು, ಯಾವ ಪದಕ್ಕೆ ತೆಗೆಯಬೇಕು ಎಂಬುದನ್ನೆಲ್ಲ ಇದು ನಿರ್ಧರಿಸುತ್ತದೆ.

"ಕಬ್ಬಿಣದ ಚೂರಿಯೊಂದನ್ನು ದ್ರಾವಣದಲ್ಲಿ ಅದ್ದಿ ತೆಗೆಯಿರಿ" ಎಂಬ ವಾಕ್ಯವನ್ನು ನೋಡಿ. ಚೂರಿಯ ದೃಶ್ಯ "ಕಬ್ಬಿಣದ" ಎಂಬ ಪದದ ಹೊತ್ತಿಗೆ, ಅಥವಾ ಅದಕ್ಕೆ ಅರೆಕ್ಷಣ ಮೊದಲು ಬರಬೇಕು. ಆದರೆ ಅದ್ದುವ ಕ್ರಿಯೆ ಶಾಟ್ ಆರಂಭವಾದ ಕೂಡಲೇ ನಡೆದುಬಿಟ್ಟರೆ "ಅದ್ದಿ" ಎಂಬ ಮಾತು ಬರುವ ಹೊತ್ತಿಗೆ ಚೂರಿ ಆಗಲೇ ಹೊರಗೆ ಬಂದಿರುತ್ತದೆ. ಹೀಗಾಗಿ ಎಡಗಡೆಯ ಅಂಕಣದಲ್ಲಿ "ಚೂರಿಯನ್ನು ದ್ರಾವಣದ ಮೇಲೆ ಎರಡು ಸೆಕೆಂಡು ಸುಮ್ಮನೆ ಹಿಡಿದು, ಆಮೇಲೆ ಅದ್ದುವುದು" ಎಂದು ಬರೆಯಬೇಕು. ಆ ಎರಡು ಸೆಕೆಂಡು ವಾಕ್ಯದಲ್ಲಿ ವಸ್ತುವಿನ ಹೆಸರಿಗೂ ಕ್ರಿಯಾಪದಕ್ಕೂ ಇರುವ ಅಂತರ.

ಹಾಗೆಯೇ, ಕ್ರಿಯಾಪದ ಮುಗಿಯುವ ಮುನ್ನ ಮುಖಕ್ಕೆ ಮರಳಬಾರದು. ವಾಕ್ಯದ ಅರ್ಥ ಕೊನೆಯ ಪದದಲ್ಲಿ ಪೂರ್ತಿಯಾಗುತ್ತದೆ. ಅದೇ ಕ್ಷಣಕ್ಕೆ ದೃಶ್ಯ ಬದಲಾದರೆ ನೋಡುವವರ ಗಮನ ಹೊಸ ದೃಶ್ಯದತ್ತ ಹರಿದು, ಆ ಪದ ಕಿವಿಗೆ ಬಿದ್ದೂ ಬೀಳದಂತಾಗುತ್ತದೆ. ಕೊನೆಯ ಪದದ ನಂತರ ಅರ್ಧ ಸೆಕೆಂಡು ಬಿಟ್ಟು ಕಟ್ ಮಾಡುವಂತೆ ಎಡಿಟರ್‌ಗೆ ಹೇಳಿ.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ನಿಷೇಧದ ವಾಕ್ಯ. "ಸುಣ್ಣದ ನೀರನ್ನು ತಂದು ಮೈಲುತುತ್ತದ ನೀರಿಗೆ ಸುರಿಯಬಾರದು" ಎಂಬ ಮಾತಿನ ಮೇಲೆ ಹಾಗೆ ಸುರಿಯುವ ದೃಶ್ಯವನ್ನು ಹಾಕಿದರೆ, ನಾಲ್ಕು ಸೆಕೆಂಡುಗಳ ಕಾಲ ನೋಡುವವರು ಒಂದು ಕ್ರಿಯೆಯನ್ನು ನೋಡುತ್ತಾ, ಅದನ್ನೇ ವರ್ಣಿಸುವ ಮಾತನ್ನು ಕೇಳುತ್ತಾ ಇರುತ್ತಾರೆ. ಬಾರದು ಎಂಬುದು ತೀರ ಕೊನೆಗೆ ಕೇಳಿಬರುವಷ್ಟರಲ್ಲಿ ದೃಶ್ಯ ಮನಸ್ಸಿನಲ್ಲಿ ಕುಳಿತಾಗಿರುತ್ತದೆ. ಧ್ವನಿ ಕಡಿಮೆ ಮಾಡಿಕೊಂಡು ನೋಡುವವರಿಗಂತೂ ಅದು ಮಾಡಬೇಕಾದ ಕೆಲಸವೆಂದೇ ಅನಿಸುತ್ತದೆ. ಮಾತಿಗೂ ದೃಶ್ಯಕ್ಕೂ ಜಗಳವಾದಾಗ ಗೆಲ್ಲುವುದು ಯಾವಾಗಲೂ ದೃಶ್ಯವೇ. ಆದ್ದರಿಂದ ನಿಷೇಧದ ವಾಕ್ಯಗಳಿಗೆ ಮು ಎಂದೇ ಗುರುತು ಹಾಕಿ. ಮಾತನಾಡುವವರು ನೇರವಾಗಿ ಕ್ಯಾಮೆರಾ ನೋಡಿ, ಬೇಕಿದ್ದರೆ ಕೈ ಅಡ್ಡ ಆಡಿಸಿ ಹೇಳಲಿ. ತಪ್ಪು ವಿಧಾನವನ್ನು ತೋರಿಸಲೇಬೇಕಾದರೆ ಮಾತಿನ ಕ್ರಮವನ್ನೇ ಬದಲಿಸಿ, "ಒಂದು ತಪ್ಪು ಮಾತ್ರ ಮಾಡಬೇಡಿ" ಎಂಬ ಪುಟ್ಟ ವಾಕ್ಯವನ್ನು ಮುಖದ ಮೇಲೆ ಹೇಳಿಸಿ, ಆಮೇಲೆ ಬರುವ ದೃಶ್ಯದ ಮೇಲೆ ಮೊದಲ ಕ್ಷಣದಿಂದಲೇ ಕೆಂಪು ಗುಣಿಸು ಗುರುತು ಇರುವಂತೆ ಬರೆಯಿರಿ.

ಸೂಚನೆಯನ್ನು ಹೇಗೆ ಬರೆಯಬೇಕು

"ಇಲ್ಲಿ ಬಿ-ರೋಲ್ ಹಾಕಿ" ಎಂದೋ, "ತೋಟದ ದೃಶ್ಯ" ಎಂದೋ ಬರೆದರೆ ಅದು ಸೂಚನೆಯಾಗುವುದಿಲ್ಲ. ಕ್ಯಾಮೆರಾ ಹಿಡಿಯುವವರು ನಿಮ್ಮನ್ನು ಫೋನಿನಲ್ಲಿ ಕೇಳದೆಯೇ ಆ ಶಾಟನ್ನು ತೆಗೆಯುವಂತಿರಬೇಕು. ಅದಕ್ಕೆ ಐದು ಸಂಗತಿಗಳು ಬೇಕು: ಯಾವ ವಸ್ತು, ಅದರಲ್ಲಿ ನಡೆಯುವ ಕ್ರಿಯೆ, ಎಷ್ಟು ಹತ್ತಿರದಿಂದ, ಯಾವ ಪದದಿಂದ ಯಾವ ಪದದವರೆಗೆ, ಮತ್ತು ಆ ದೃಶ್ಯ ಎಲ್ಲಿಂದ ಬರಬೇಕು ಎಂಬುದು. ಕೊನೆಯದು ಹೊಸದಾಗಿ ತೆಗೆಯಬೇಕಾದದ್ದೋ, ಹಳೆಯ ಸಂಗ್ರಹದ್ದೋ, ಕಂಪ್ಯೂಟರಿನಲ್ಲಿ ಮಾಡುವ ಗ್ರಾಫಿಕ್ಕೋ ಎಂದು ತಿಳಿಸುತ್ತದೆ.

ಇವುಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಕ್ರಿಯೆ. ಮೇಜಿನ ಮೇಲಿಟ್ಟ ಮೈಲುತುತ್ತದ ಪೊಟ್ಟಣವನ್ನು ಐದು ಸೆಕೆಂಡು ತೋರಿಸಿದರೆ ಅದು ಫೋಟೋ ಇದ್ದಂತೆ. ಅದೇ ಪೊಟ್ಟಣವನ್ನು ಒಂದು ಕೈ ಬಿಚ್ಚಿ, ನೀಲಿ ಹರಳುಗಳು ತಕ್ಕಡಿಯ ತಟ್ಟೆಗೆ ಬೀಳುವಾಗ, ತಕ್ಕಡಿಯ ಅಂಕಿ ಒಂದು ಕಿಲೋಗೆ ಬಂದು ನಿಲ್ಲುವವರೆಗೂ ನೋಡುವವರು ಕಣ್ಣು ಕೀಳುವುದಿಲ್ಲ. ಏನೋ ಆಗಲಿದೆ, ಅದು ಮುಗಿಯಲಿದೆ ಎಂಬ ನಿರೀಕ್ಷೆ ಶಾಟಿನೊಳಗೇ ಇರಬೇಕು.

ಐವತ್ತು ಸೆಕೆಂಡಿನ ಒಂದು ಭಾಗ

ನಮ್ಮ ಕೃಷಿಕರ ಮಾತಿನ ಮುಖ್ಯ ಭಾಗ ಹೀಗಿದೆ ಎಂದಿಟ್ಟುಕೊಳ್ಳೋಣ. ನಿಧಾನವಾಗಿ ಓದಿದರೆ ಇದು ಸುಮಾರು 50 ಸೆಕೆಂಡು ಹಿಡಿಯುತ್ತದೆ.

"ಎರಡು ಪ್ಲಾಸ್ಟಿಕ್ ಡ್ರಮ್ ತೆಗೆದುಕೊಳ್ಳಿ. ಒಂದರಲ್ಲಿ ಐವತ್ತು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಕರಗಿಸಿ. ಇನ್ನೊಂದರಲ್ಲಿ ಐವತ್ತು ಲೀಟರ್ ನೀರಿಗೆ ಒಂದು ಕಿಲೋ ಸುಣ್ಣ ಕಲಸಿ ಸೋಸಿಕೊಳ್ಳಿ. ಕಬ್ಬಿಣದ ಪಾತ್ರೆಯನ್ನು ಮಾತ್ರ ಬಳಸಬಾರದು. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕೋಲಿನಿಂದ ಕಲಕುತ್ತಿರಿ. ಸುಣ್ಣದ ನೀರನ್ನು ತಂದು ಮೈಲುತುತ್ತದ ನೀರಿಗೆ ಸುರಿಯಬಾರದು. ಹದ ಸರಿಯಾಗಿದೆಯೇ ಎಂದು ನೋಡಲು ಕಬ್ಬಿಣದ ಚೂರಿಯೊಂದನ್ನು ದ್ರಾವಣದಲ್ಲಿ ಅದ್ದಿ ತೆಗೆಯಿರಿ. ಅಂಚಿಗೆ ಕೆಂಪು ಬಣ್ಣ ಹತ್ತಿದ್ದರೆ ಸುಣ್ಣ ಸಾಲದು ಎಂದರ್ಥ. ನಮ್ಮ ಅಪ್ಪನ ಕಾಲದಿಂದಲೂ ಈ ಪರೀಕ್ಷೆ ಮಾಡದೆ ನಾವು ಸಿಂಪಡಣೆಗೆ ಮರ ಹತ್ತಿಸಿದ್ದಿಲ್ಲ."

ಎಡಗಡೆಯ ಅಂಕಣ ಹೀಗೆ ತುಂಬಿಕೊಳ್ಳುತ್ತದೆ.

ಶಾಟ್ 1: ಅಂಗಳದಲ್ಲಿ ಎರಡು ಡ್ರಮ್ಮುಗಳು, ಒಬ್ಬರು ಎರಡನೆಯದನ್ನು ತಂದು ಮೊದಲನೆಯದರ ಪಕ್ಕ ಇಡುತ್ತಾರೆ. ದೂರದ ಶಾಟ್. "ಎರಡು" ಎಂಬಲ್ಲಿಂದ "ತೆಗೆದುಕೊಳ್ಳಿ" ವರೆಗೆ. ಹೊಸದು.

ಶಾಟ್ 2: ನೀಲಿ ಹರಳುಗಳು ತಕ್ಕಡಿಗೆ ಬೀಳುವುದು, ಬಳಿಕ ನೀರಿನಲ್ಲಿ ಕರಗುತ್ತಾ ನೀರು ನೀಲಿಯಾಗುವುದು. ಎರಡೂ ಕ್ಲೋಸ್-ಅಪ್. "ಒಂದರಲ್ಲಿ" ಎಂಬಲ್ಲಿಂದ "ಕರಗಿಸಿ" ವರೆಗೆ. ಕೆಳಗೆ "50 ಲೀ. ನೀರು + 1 ಕೆ.ಜಿ. ಮೈಲುತುತ್ತ" ಎಂಬ ಬರಹ.

ಶಾಟ್ 3: ಸುಣ್ಣದ ಹಾಲನ್ನು ಬಟ್ಟೆಯಲ್ಲಿ ಸೋಸುವುದು, ಬಟ್ಟೆಯ ಮೇಲೆ ಕಲ್ಲುಗಳು ಉಳಿಯುವುದು. ಕ್ಲೋಸ್-ಅಪ್. "ಇನ್ನೊಂದರಲ್ಲಿ" ಎಂಬಲ್ಲಿಂದ "ಸೋಸಿಕೊಳ್ಳಿ" ವರೆಗೆ. ಶಾಟ್ 2ರ ಬರಹ ಉಳಿದು, ಅದರ ಕೆಳಗೆ ಸುಣ್ಣದ ಅಳತೆ ಸೇರಲಿ.

ಮುಖ: "ಕಬ್ಬಿಣದ ಪಾತ್ರೆಯನ್ನು ಮಾತ್ರ ಬಳಸಬಾರದು."

ಶಾಟ್ 4: ಒಂದು ಕೈ ನೀಲಿ ನೀರನ್ನು ಬಿಳಿ ನೀರಿಗೆ ಸುರಿಯುವುದು, ಇನ್ನೊಬ್ಬರ ಕೈ ಕೋಲಿನಿಂದ ಕಲಕುವುದು. ಮೊದಲು ಇಬ್ಬರೂ ಕಾಣುವ ಮಧ್ಯಮ ಶಾಟ್, "ನಿಧಾನವಾಗಿ" ಎಂಬಲ್ಲಿ ಎರಡು ಬಣ್ಣ ಸೇರುವ ಕ್ಲೋಸ್-ಅಪ್. ಸ್ಥಳದ ಧ್ವನಿ ಇರಲಿ.

ಮುಖ: "ಸುಣ್ಣದ ನೀರನ್ನು ತಂದು ಮೈಲುತುತ್ತದ ನೀರಿಗೆ ಸುರಿಯಬಾರದು."

ಶಾಟ್ 5: ಚೂರಿಯನ್ನು ದ್ರಾವಣದ ಮೇಲೆ ಎರಡು ಸೆಕೆಂಡು ಹಿಡಿದು, ಅದ್ದಿ ತೆಗೆಯುವುದು. ಕ್ಲೋಸ್-ಅಪ್. "ಕಬ್ಬಿಣದ ಚೂರಿ" ಎಂಬಲ್ಲಿಂದ "ತೆಗೆಯಿರಿ" ವರೆಗೆ.

ಶಾಟ್ 6: ಕೆಂಪು ಹತ್ತಿದ ಅಂಚು ಮತ್ತು ಏನೂ ಹತ್ತದ ಅಂಚು ಅಕ್ಕಪಕ್ಕ. ತೀರ ಹತ್ತಿರದ ಕ್ಲೋಸ್-ಅಪ್. "ಅಂಚಿಗೆ" ಎಂಬಲ್ಲಿಂದ "ಎಂದರ್ಥ" ವರೆಗೆ, ಅದರ ನಂತರ ಎರಡು ಸೆಕೆಂಡು ಮೌನ. ಮಾತನಾಡುವವರು ಇಲ್ಲಿ ನಿಲ್ಲಬೇಕು.

ಮುಖ: "ನಮ್ಮ ಅಪ್ಪನ ಕಾಲದಿಂದಲೂ..."

ಇದನ್ನು ಬರೆಯುತ್ತಾ ಹೋದಂತೆ ಸ್ಕ್ರಿಪ್ಟಿನ ಹುಳುಕುಗಳೂ ಹೊರಬೀಳುತ್ತವೆ. ಶಾಟ್ 1ರಲ್ಲಿ ಎಂಥ ಡ್ರಮ್ಮುಗಳನ್ನು ತರಿಸಬೇಕು ಎಂದು ಕೇಳಿಕೊಂಡ ಕೂಡಲೇ, ಶಾಟ್ 4ರಲ್ಲಿ ಸುಣ್ಣದ ಡ್ರಮ್ಮಿಗೆ ಇನ್ನೂ ಐವತ್ತು ಲೀಟರ್ ಬೀಳಲಿದೆ ಎಂಬುದು ಹೊಳೆಯುತ್ತದೆ. ಅದು ನೂರು ಲೀಟರಿಗಿಂತ ದೊಡ್ಡದಿರಲೇಬೇಕು, ಮಾತಿನಲ್ಲಿ ಆ ವಿಷಯವೇ ಇಲ್ಲ. ಕೇಳುವವರಿಗೂ ಮನೆಯಲ್ಲಿ ಇದೇ ತೊಡಕು ಎದುರಾಗುತ್ತಿತ್ತು. "ಸುಣ್ಣ ಕಲಸುವ ಡ್ರಮ್ ನೂರು ಲೀಟರಿಗಿಂತ ದೊಡ್ಡದಿರಲಿ" ಎಂಬ ಸಾಲನ್ನು ಈಗಲೇ ಬಲಗಡೆ ಸೇರಿಸಿಬಿಡಬಹುದು. ಮುಖವೊಂದನ್ನೇ ಚಿತ್ರೀಕರಿಸಿದ್ದರೆ ಈ ಲೋಪ ಯಾರಿಗೂ ಕಾಣುತ್ತಿರಲಿಲ್ಲ.

ಶಾಟ್ 6ರ ಹಿಂದೆ ಇನ್ನೊಂದು ಸಿದ್ಧತೆ ಬೇಕು. ಸರಿಯಾದ ಹದದ ದ್ರಾವಣದಲ್ಲಿ ಚೂರಿ ಅದ್ದಿದರೆ ಕೆಂಪು ಹತ್ತುವುದೇ ಇಲ್ಲ, ಹತ್ತಬಾರದು ಎಂಬುದೇ ಪರೀಕ್ಷೆಯ ಉದ್ದೇಶ. ಹಾಗಾಗಿ ಶಾಟಿಗೆಂದು ಒಂದು ಚಿಕ್ಕ ಪ್ಲಾಸ್ಟಿಕ್ ಮಗ್ಗಿನಲ್ಲಿ ಸುಣ್ಣ ಸೇರಿಸದ ಮೈಲುತುತ್ತದ ನೀರನ್ನು ಬೇರೆಯಾಗಿ ತೆಗೆದಿಟ್ಟುಕೊಳ್ಳಬೇಕು. ಅದರಲ್ಲಿ ಕಬ್ಬಿಣವನ್ನು ಸ್ವಲ್ಪ ಹೊತ್ತು ಇಟ್ಟರೆ ತಾಮ್ರ ಅಂಚಿಗೆ ಕೂತು ಕೆಂಪು ಕಾಣುತ್ತದೆ. ಚೂರಿ ಹಳೆಯ ಕಬ್ಬಿಣದ್ದೇ ಆಗಿರಬೇಕು, ತುಕ್ಕನ್ನು ಉಜ್ಜಿ ಹೊಳಪು ಮಾಡಿರಬೇಕು. ಅಡುಗೆಮನೆಯ ಸ್ಟೀಲ್ ಚೂರಿ ತಂದರೆ ಬಣ್ಣ ಸರಿಯಾಗಿ ಹತ್ತುವುದಿಲ್ಲ, ತುಕ್ಕು ಹಿಡಿದದ್ದನ್ನು ತಂದರೆ ಯಾವುದು ತುಕ್ಕು, ಯಾವುದು ತಾಮ್ರ ಎಂದು ಪರದೆಯ ಮೇಲೆ ತಿಳಿಯುವುದಿಲ್ಲ. ಇದನ್ನೆಲ್ಲ ಸೂಚನೆಯ ಕೆಳಗೆ ಒಂದು ಸಾಲಿನಲ್ಲಿ ಬರೆದಿಡದಿದ್ದರೆ ಚಿತ್ರೀಕರಣದ ದಿನ ಯಾರ ಕೈಗೆ ಯಾವ ಚೂರಿ ಸಿಗುತ್ತದೋ ಅದೇ ಬರುತ್ತದೆ.

ಪರದೆಯ ಮೇಲಿನ ಬರಹಕ್ಕೂ ಒಂದು ಮಿತಿ ಇರಲಿ. ಅದನ್ನು ನೀವು ಗಟ್ಟಿಯಾಗಿ ಎರಡು ಸಲ ಓದಿ ಮುಗಿಸುವಷ್ಟು ಹೊತ್ತು ಅದು ನಿಲ್ಲಬೇಕು, ಅಷ್ಟು ಹೊತ್ತು ಶಾಟ್ ನಿಲ್ಲದಿದ್ದರೆ ಬರಹವನ್ನು ಮೊಟಕುಗೊಳಿಸಬೇಕು. ಅಳತೆಯನ್ನು ಬಿಟ್ಟು ಬೇರೆ ಮಾತನ್ನು ಅಲ್ಲಿ ಬರೆಯುವ ಅಗತ್ಯವಿಲ್ಲ.

ಚಿತ್ರೀಕರಣದ ಪಟ್ಟಿ

ಸ್ಕ್ರಿಪ್ಟಿನ ಕ್ರಮದಲ್ಲಿ ಚಿತ್ರೀಕರಣ ನಡೆಯುವುದಿಲ್ಲ. ಆದ್ದರಿಂದ ಎಡ ಅಂಕಣದ ಶಾಟುಗಳನ್ನೆಲ್ಲ ತೆಗೆದು, ಸ್ಥಳ ಮತ್ತು ಹೊತ್ತಿನ ಪ್ರಕಾರ ಬೇರೆ ಹಾಳೆಯಲ್ಲಿ ಜೋಡಿಸಿಕೊಳ್ಳಿ. ಅಂಗಳದ ಶಾಟುಗಳು ಒಂದು ಕಡೆ, ತೋಟದವು ಒಂದು ಕಡೆ, ಮೇಜಿನ ಮೇಲಿನ ಕ್ಲೋಸ್-ಅಪ್‌ಗಳು ಒಂದು ಕಡೆ. ಶಾಟ್ ಸಂಖ್ಯೆ ಮಾತ್ರ ಸ್ಕ್ರಿಪ್ಟಿನದ್ದೇ ಇರಲಿ, ಇಲ್ಲವಾದರೆ ಎಡಿಟರ್ ಹುಡುಕಿ ಸೋಲುತ್ತಾರೆ.

ಬೋರ್ಡೋ ದ್ರಾವಣದಂಥ ವಿಷಯದಲ್ಲಿ ಸಿಂಪಡಣೆ ನಡೆಯುವ ದಿನವೇ ಬಿ-ರೋಲ್ ತೆಗೆಯುವುದು ಒಳ್ಳೆಯದು. ದ್ರಾವಣವನ್ನು ಅಂದೇ ತಯಾರಿಸಿ ಅಂದೇ ಬಳಸಬೇಕಾದ್ದರಿಂದ ಕ್ಯಾಮೆರಾಗಾಗಿ ನೂರು ಲೀಟರ್ ಕಲಸಿಡುವುದರಲ್ಲಿ ಅರ್ಥವಿಲ್ಲ. ಆದರೆ ಕೆಲಸದವರು ನಿಮಗಾಗಿ ಕಾಯುವುದಿಲ್ಲ, ನೀಲಿ ನೀರು ಬಿಳಿ ನೀರಿಗೆ ಸೇರುವುದು ಒಂದು ಬ್ಯಾಚಿನಲ್ಲಿ ಒಂದೇ ಸಲ. ಎರಡು ಮೂರು ಬ್ಯಾಚ್ ಕಲಸುವುದಿದ್ದರೆ ಮೊದಲನೆಯದನ್ನು ದೂರದಿಂದ, ಎರಡನೆಯದನ್ನು ಮಧ್ಯಮ ಅಂತರದಿಂದ, ಮೂರನೆಯದನ್ನು ತೀರ ಹತ್ತಿರದಿಂದ ತೆಗೆಯುವುದೆಂದು ಮೊದಲೇ ಹಂಚಿಕೊಳ್ಳಿ. ಆಗ ಯಾರನ್ನೂ ತಡೆಯದೆ ಒಂದೇ ಕ್ರಿಯೆಯ ಮೂರು ಕೋನಗಳು ಸಿಗುತ್ತವೆ. ಸುರಿಯುವವರು ಒಂದು ಬ್ಯಾಚಿನಲ್ಲಿ ಕೈಗವಸು ಹಾಕಿ ಇನ್ನೊಂದರಲ್ಲಿ ತೆಗೆದಿದ್ದರೆ ಆ ಶಾಟುಗಳು ಪರಸ್ಪರ ಹೊಂದುವುದಿಲ್ಲ ಎಂಬುದನ್ನು ಅವರಿಗೆ ಮೊದಲೇ ತಿಳಿಸಿ. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸುವಾಗ ಅದು ಕುದಿದು ಸಿಡಿಯುತ್ತದೆ. ಆ ಶಾಟನ್ನು ದೂರ ನಿಂತು ಜೂಮ್ ಮಾಡಿ ತೆಗೆಯಬೇಕು.

ಪ್ರತಿ ಶಾಟನ್ನೂ ಕನಿಷ್ಠ ಹತ್ತು ಸೆಕೆಂಡು ಅಲುಗಾಡದೆ ಹಿಡಿಯಿರಿ, ಕ್ರಿಯೆ ಆರಂಭವಾಗುವ ಮೊದಲೂ ಮುಗಿದ ಮೇಲೂ ಮೂರು ನಾಲ್ಕು ಸೆಕೆಂಡು ರೆಕಾರ್ಡಿಂಗ್ ಓಡುತ್ತಿರಲಿ. ವಿಡಿಯೋದಲ್ಲಿ ನಾಲ್ಕು ಸೆಕೆಂಡು ಮಾತ್ರ ಬಳಸುವುದಾದರೂ, ಕ್ರಿಯಾಪದಕ್ಕೆ ಸರಿಯಾಗಿ ಕ್ರಿಯೆಯನ್ನು ಹಿಂದೆ ಮುಂದೆ ಸರಿಸಲು ಎಡಿಟರ್‌ಗೆ ಈ ಜಾಗ ಬೇಕಾಗುತ್ತದೆ. ಧ್ವನಿಯನ್ನು ಬಂದ್ ಮಾಡಬೇಡಿ. ನೀರು ಬೀಳುವ, ಕೋಲು ಡ್ರಮ್ಮಿಗೆ ತಾಗುವ ಸದ್ದನ್ನು ಮಾತಿನ ಕೆಳಗೆ ತೀರ ಸಣ್ಣಗೆ ಇಟ್ಟರೂ ದೃಶ್ಯಕ್ಕೆ ಜೀವ ಬರುತ್ತದೆ. ಮನೆಯೊಳಗೆ ಎಲ್‌ಇಡಿ ದೀಪದಡಿ ತೆಗೆಯುವಾಗ ಪಟ್ಟಿಪಟ್ಟಿಯಾಗಿ ಮಿನುಗುವುದು ಕಂಡರೆ ಶಟರನ್ನು 1/50ಕ್ಕೆ ಇಡಿ, ನಮ್ಮ ವಿದ್ಯುತ್ತು 50 ಹರ್ಟ್ಜ್ ಆದ್ದರಿಂದ ಅದು ಹೊಂದುತ್ತದೆ.

ಪಟ್ಟಿ ಮಾಡುವಾಗ ಋತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ ನಡೆಯುತ್ತದೆ, ಎರಡನೆಯದು 40–45 ದಿನಗಳ ಬಳಿಕ. ಮೇ ಕೊನೆಯಲ್ಲಿ ನೀವು ಚಿತ್ರೀಕರಣಕ್ಕೆ ಹೋದರೆ ತೋಟದಲ್ಲಿ ಕೊಳೆರೋಗವೇ ಇರುವುದಿಲ್ಲ. ಕಾಯಿಯ ತೊಟ್ಟಿನ ಬಳಿ ನೀರು ಹೀರಿದಂತೆ ಕಾಣುವ ಮಚ್ಚೆ, ಉದುರಿದ ಕಾಯಿಯ ಮೇಲಿನ ಬಿಳಿ ಬೂಸ್ಟು, ಇವೆಲ್ಲ ಮಳೆಗಾಲದಲ್ಲಿ ಮಾತ್ರ ಸಿಗುತ್ತವೆ. ಆ ಶಾಟುಗಳ ಮುಂದೆ "ಸಂಗ್ರಹ, ಹಿಂದಿನ ಮಳೆಗಾಲ" ಎಂದು ಬರೆದು, ಯಾರ ಬಳಿ ಇವೆ ಎಂದು ವಿಚಾರಿಸಿ. ಪರಿಚಿತ ಕೃಷಿಕರ ಫೋನಿನಲ್ಲಿ ಇಂಥ ಫೋಟೋಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ, ಬಳಸಲು ಒಪ್ಪಿಗೆಯನ್ನು ವಾಟ್ಸ್ಯಾಪ್ ಸಂದೇಶದಲ್ಲಾದರೂ ಬರಹದಲ್ಲಿ ಪಡೆಯಿರಿ. ಬೇರೆಯವರ ವಿಡಿಯೋದಿಂದ ತುಂಡು ಕತ್ತರಿಸಿ ಹಾಕಿಕೊಳ್ಳುವುದು ಬೇಡ. ಏನೂ ಸಿಗದಿದ್ದರೆ ಆ ವಾಕ್ಯಕ್ಕೆ ಮುಖವನ್ನೇ ಉಳಿಸಿ. ಆರೋಗ್ಯವಾಗಿರುವ ಗೊನೆಯನ್ನು ತೋರಿಸಿ ರೋಗದ ಲಕ್ಷಣ ಹೇಳುವುದಕ್ಕಿಂತ ಅದು ಎಷ್ಟೋ ಮೇಲು.

ಎಡಿಟರ್ ಕೈಗೆ ಕೊಡುವ ಮುನ್ನ

ಬಲಗಡೆಯ ಅಂಕಣವನ್ನು ಒಂದು ಕಾಗದದಿಂದ ಮುಚ್ಚಿ, ಎಡಗಡೆಯದನ್ನು ಮಾತ್ರ ಮೇಲಿನಿಂದ ಕೆಳಗೆ ಓದಿ. ದ್ರಾವಣ ಹೇಗೆ ತಯಾರಾಗುತ್ತದೆ ಎಂಬುದು ದೃಶ್ಯಗಳಿಂದಲೇ ಸುಮಾರಾಗಿ ತಿಳಿಯುತ್ತಿದ್ದರೆ ಸೂಚನೆಗಳು ಸರಿಯಾಗಿವೆ. ಒಂದೇ ಶಾಟ್ ಎರಡು ಕಡೆ ಬಂದಿದೆಯೇ, ಮಾಡಬಾರದ ಕೆಲಸವೊಂದು ಗುಣಿಸು ಗುರುತಿಲ್ಲದೆ ಉಳಿದಿದೆಯೇ ಎಂಬುದೂ ಈ ಓದಿನಲ್ಲಿ ಸಿಕ್ಕಿಬೀಳುತ್ತದೆ. "ತೋಟ", "ಹಸಿರು", "ಕೆಲಸ ಮಾಡುವ ಜನ" ಎಂಬಂಥ ಸೂಚನೆಗಳು ಎಲ್ಲಿ ಕಂಡರೂ ಅವು ಯಾವ ಮಾತಿಗೆ ಬೇಕಾದರೂ ಹೊಂದುವ ದೃಶ್ಯಗಳು ಎಂದು ತಿಳಿದು, ಹೊಡೆದು ಹಾಕಿ ಅಥವಾ ಸೇತುವೆಯ ಪಟ್ಟಿಗೆ ಕಳುಹಿಸಿ.

ಕೊನೆಯದಾಗಿ ಪ್ರತಿ ಶಾಟಿನ ಎದುರು ಅದು ಬೇಕೇ ಬೇಕಾದದ್ದೋ, ಇದ್ದರೆ ಒಳ್ಳೆಯದೋ ಎಂದು ಗುರುತು ಹಾಕಿ. ನಮ್ಮ ಭಾಗದಲ್ಲಿ ಶಾಟ್ 4 ಮತ್ತು 6 ಇಲ್ಲದೆ ವಿಡಿಯೋ ನಿಲ್ಲುವುದಿಲ್ಲ. ಶಾಟ್ 1 ಕೆಟ್ಟುಹೋದರೆ ಆ ವಾಕ್ಯವನ್ನು ಮುಖದ ಮೇಲೆಯೇ ಬಿಡಬಹುದು, ಶಾಟ್ 3 ಕೆಟ್ಟರೆ ಅಳತೆಯ ಬರಹವೊಂದೇ ಸಾಕಾದೀತು. ಈ ಗುರುತಿದ್ದರೆ ಮೋಡ ಕವಿದು ಬೆಳಕು ಹೋದಾಗ ಕ್ಯಾಮೆರಾ ಹಿಡಿದವರು ಮೊದಲು ಯಾವುದಕ್ಕೆ ಓಡಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ. ಚಿತ್ರೀಕರಣ ಮುಗಿದ ಸಂಜೆಯೇ ಸಿಗದೆ ಹೋದ ಶಾಟುಗಳನ್ನು ಕೆಂಪು ಶಾಯಿಯಲ್ಲಿ ಸುತ್ತುಹಾಕಿ, ಅದರ ಬದಲಿಗೆ ಏನು ಎಂದು ಪಕ್ಕದಲ್ಲಿ ಬರೆದು, ಅದೇ ಹಾಳೆಯನ್ನು ಫೂಟೇಜಿನ ಜೊತೆ ಎಡಿಟರ್‌ಗೆ ಕಳುಹಿಸಿ.